ಚಿಹ್ನೆ ಅಳಿದ ಮೇಲೆ ಅರ್ಥ: ಉತ್ತರಪಠ್ಯದ ವಿನ್ಯಾಸ ನಿವಾರಣೆಯನ್ನು ಕುರಿತು

ಭಾಷಾಮಾದರಿಗಳು ಇಂದು ಕನ್ನಡದಲ್ಲಿಯೂ ಉತ್ತರ ಬರೆಯುತ್ತಿವೆ. ಆ ಉತ್ತರಗಳು ಬರಿಯ ವಾಕ್ಯಗಳಾಗಿ ಬರುವುದು ಕಡಿಮೆ. ಶೀರ್ಷಿಕೆ, ದಪ್ಪಕ್ಷರ, ಅಂಕಿ ಹಾಕಿದ ಪಟ್ಟಿ, ಉಪಪಟ್ಟಿ, ಕೋಷ್ಟಕ, ಅಡ್ಡಗೆರೆ ಎಳೆದ ಪದ ಮುಂತಾದ ವಿನ್ಯಾಸಗಳೊಡನೆಯೇ ಅವು ಬರುತ್ತವೆ. ಪರದೆಯ ಮೇಲೆ ಓದುವವನಿಗೆ ಇದರಿಂದ ಅನುಕೂಲವೇ ಹೊರತು ತೊಂದರೆಯಿಲ್ಲ. ಆದರೆ ಅದೇ ಉತ್ತರವನ್ನು ದೂರವಾಣಿಯಲ್ಲಿ ಧ್ವನಿಯಾಗಿ ಕೇಳಿಸಬೇಕಾದಾಗ, ಕಿರುಸಂದೇಶವಾಗಿ ಕಳುಹಿಸಬೇಕಾದಾಗ ಅಥವಾ ಪಠ್ಯಕೋಶವೊಂದರಲ್ಲಿ ಸೇರಿಸಬೇಕಾದಾಗ ಈ ಚಿಹ್ನೆಗಳನ್ನೆಲ್ಲ ಯಂತ್ರದ ಮೂಲಕವೇ ತೆಗೆದುಹಾಕುವುದು ವಾಡಿಕೆ. ತೆಗೆದ ಮೇಲೆ ಉಳಿದದ್ದು ಅದೇ ಉತ್ತರವೇ ಎಂಬ ಪ್ರಶ್ನೆಯನ್ನು ಕೇಳುವುದು ಮಾತ್ರ ಅಪರೂಪ. ಈ ಪ್ರಶ್ನೆಯನ್ನು ತಂತ್ರಜ್ಞರಿಗೆ ಬಿಟ್ಟುಕೊಟ್ಟು ಕನ್ನಡ ವಿಭಾಗಗಳು ಸುಮ್ಮನಿರುವಂತಿಲ್ಲ, ಇದು ಮೂಲತಃ ಅನ್ವಯದ ಪ್ರಶ್ನೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಇಂತಹ ಉತ್ತರಗಳು ಸಾಮಾನ್ಯವಾಗಿ ಬಳಸುವ ಚಿಹ್ನಾಪದ್ಧತಿಗೆ ಮಾರ್ಕ್‌ಡೌನ್ ಎಂದು ಹೆಸರು. 2004ರಲ್ಲಿ ಜಾನ್ ಗ್ರೂಬರ್ ಅದನ್ನು ಪ್ರಕಟಿಸಿದಾಗ ಇದ್ದ ಉದ್ದೇಶ ಗಮನಾರ್ಹವಾದುದು. ಚಿಹ್ನೆಗಳು ಹಾಗೆಯೇ ಉಳಿದಿದ್ದರೂ ಪಠ್ಯವು ಓದಲು ಬರುವಂತಿರಬೇಕು ಎಂಬುದೇ ಆ ಉದ್ದೇಶ. ಬರಿಯ ಅಕ್ಷರಗಳಲ್ಲಿ ಮಿಂಚಂಚೆ ಬರೆಯುತ್ತಿದ್ದವರು ಒತ್ತು ಕೊಡಬೇಕಾದ ಪದದ ಎರಡು ಬದಿಗೂ ನಕ್ಷತ್ರ ಚಿಹ್ನೆಯನ್ನಿಡುತ್ತಿದ್ದ ರೂಢಿಯನ್ನೇ ಅದು ನಿಯಮವಾಗಿಸಿತು. ಎಂದರೆ ಈ ಚಿಹ್ನೆಗಳು ಹುಟ್ಟಿದ್ದು ದನಿಯಲ್ಲಿ ಹೇಳಬಹುದಾಗಿದ್ದನ್ನು ಕಣ್ಣಿಗೆ ಕಾಣಿಸುವ ಸಲುವಾಗಿ. ಅವುಗಳನ್ನು ಕಿತ್ತುಹಾಕುವಾಗ, ಅವು ಯಾವ ಮಾತಿನ ಬದಲಿಗೆ ನಿಂತಿದ್ದವು ಎಂಬುದನ್ನು ಮೊದಲು ಕೇಳಿಕೊಳ್ಳಬೇಕಾಗುತ್ತದೆ.

ಹಾಗೆ ಕೇಳಿಕೊಂಡರೆ ವಿನ್ಯಾಸಚಿಹ್ನೆಗಳು ಎರಡು ಬಗೆಯಾಗಿ ಒಡೆದು ಕಾಣುತ್ತವೆ. ಮೊದಲನೆಯವು ವಾಕ್ಯದಲ್ಲಿ ಆಗಲೇ ಇರುವ ಅರ್ಥವನ್ನು ಎತ್ತಿ ತೋರಿಸುವಂಥವು. ಅವು ಹೋದರೆ ಓದಿನ ಸೌಕರ್ಯ ತಗ್ಗುತ್ತದೆ, ಅರ್ಥ ಉಳಿಯುತ್ತದೆ. ಎರಡನೆಯವು ವಾಕ್ಯದಲ್ಲಿ ಎಲ್ಲಿಯೂ ಇಲ್ಲದ ಸಂಬಂಧವನ್ನು ತಾವೇ ಹೇಳುವಂಥವು. ಕೋಷ್ಟಕದ ಒಂದು ಮನೆಯಲ್ಲಿರುವ ಪದಕ್ಕೂ ಅದರ ಮೇಲಿನ ಶೀರ್ಷಿಕೆಗೂ ಇರುವ ಸಂಬಂಧವನ್ನು ಯಾವ ವಿಭಕ್ತಿಯೂ ಹೇಳುತ್ತಿರುವುದಿಲ್ಲ, ಸ್ಥಾನವೇ ಅಲ್ಲಿ ವಿಭಕ್ತಿಯ ಕೆಲಸ ಮಾಡುತ್ತಿರುತ್ತದೆ. ಸ್ಥಾನ ಹೋದರೆ ವಿಭಕ್ತಿಯೇ ಹೋದಂತೆ.

ನಮ್ಮ ಪರಂಪರೆಯಲ್ಲಿ ಇದಕ್ಕೆ ವಿರುದ್ಧವಾದ ಮಾದರಿಯೊಂದಿದೆ. ಓಲೆಗರಿಯ ಪ್ರತಿಗಳಲ್ಲಿ ಪದಗಳ ನಡುವೆ ತೆರಪಿಲ್ಲದೆ ಅಕ್ಷರಗಳು ಸಾಲಾಗಿ ಸಾಗುತ್ತವೆ. ಹೀಗಿದ್ದರೂ 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಎಲ್ಲಿ ಮುಗಿದು ವೃತ್ತಿ ಎಲ್ಲಿ ತೊಡಗುತ್ತದೆ ಎಂಬುದನ್ನು ಕಂಡುಕೊಳ್ಳಲು ಸಾಧ್ಯವಿದೆ. ಸೂತ್ರ ಕಂದಪದ್ಯದಲ್ಲಿದೆ, ವೃತ್ತಿ ಗದ್ಯದಲ್ಲಿದೆ. ಇಂದಿನ ಮುದ್ರಿತ ಪುಟದಲ್ಲಿ ಅಕ್ಷರದ ಗಾತ್ರ ತೋರಿಸುವ ಭೇದವನ್ನು ಅಲ್ಲಿ ಛಂದಸ್ಸು ತೋರಿಸುತ್ತದೆ. ರಚನೆಯು ಭಾಷೆಯೊಳಗೇ ಇದ್ದುದರಿಂದ ಹೊರಗಿನ ಚಿಹ್ನೆಯಿಲ್ಲದೆಯೂ ಅರ್ಥ ಉಳಿಯಿತು. ಇಂದಿನ ಉತ್ತರಪಠ್ಯದಲ್ಲಿ ರಚನೆಯು ಭಾಷೆಯ ಹೊರಗಿದೆ. ತೊಡಕಿನ ಮೂಲ ಇಲ್ಲಿದೆ.

ಈ ಮಾತನ್ನು ಒಂದು ನಿದರ್ಶನದ ಮೂಲಕ ನೋಡುವುದು ಲೇಸು. ಕನ್ನಡದಲ್ಲಿ ಪಕಾರವು ಹಕಾರವಾದ ಬಗೆಯನ್ನು ವಿದ್ಯಾರ್ಥಿಯೊಬ್ಬ ಕೇಳಿದನೆಂದೂ, ಅವನಿಗೆ ಕೆಳಗಿನ ಉತ್ತರ ಬಂದಿತೆಂದೂ ಇಟ್ಟುಕೊಳ್ಳೋಣ.

```
| ಪ್ರಾಚೀನ ರೂಪ | ಹಳಗನ್ನಡ ರೂಪ | ಹೊಸಗನ್ನಡ ರೂಪ |
|---|---|---|
| *ಪಾಲ್ | ಪಾಲ್ | ಹಾಲು |
| *ಪುಲಿ | ಪುಲಿ | ಹುಲಿ |

1. ಬದಲಾವಣೆ ನಡೆಯುವ ಸ್ಥಾನ
   - ಪದದ ಮೊದಲ ಪಕಾರ
2. ಬದಲಾವಣೆ ನಡೆಯದ ಸ್ಥಾನ
   - ತತ್ಸಮಗಳು: ಪಾಪ, ಪತ್ರ
   - ದ್ವಿತ್ವ: ಅಪ್ಪ, ತಪ್ಪು

~~ಎಲ್ಲ~~ ಬಹುತೇಕ ದೇಶ್ಯ ಪದಗಳಲ್ಲಿ ಇದು ಕಾಣುತ್ತದೆ.
```

ಚಿಹ್ನೆ ಕಂಡಲ್ಲೆಲ್ಲ ಅಳಿಸಿ ಸಾಲುಗಳನ್ನು ಕೂಡಿಸುವ ಸರಳ ವಿಧಾನಕ್ಕೆ ಇದನ್ನು ಒಪ್ಪಿಸಿದರೆ ಕೋಷ್ಟಕದ ಒಡಲು ‘ಪಾಲ್ ಪಾಲ್ ಹಾಲು ಪುಲಿ ಪುಲಿ ಹುಲಿ’ ಎಂದಾಗುತ್ತದೆ. ಇದರಲ್ಲಿ ಒಂದಕ್ಷರವೂ ಕಳೆದಿಲ್ಲ, ಕಳೆದಿರುವುದು ಸಂಬಂಧ. ಮೊದಲ ‘ಪಾಲ್’ ಹಾಗೂ ಎರಡನೆಯ ‘ಪಾಲ್’ ಒಂದೇ ಪದದ ಆಕಸ್ಮಿಕ ಪುನರುಕ್ತಿಯಂತೆ ಕಾಣುತ್ತವೆ. ಪುನರುಕ್ತಿಯನ್ನು ತಿದ್ದುವ ಮತ್ತೊಂದು ಯಂತ್ರವು ಮುಂದಿನ ಹಂತದಲ್ಲಿದ್ದರೆ ಅದು ಒಂದನ್ನು ಅಳಿಸಿಯೂ ಬಿಡಬಹುದು. ಕೋಷ್ಟಕದ ಯಾವುದೋ ಒಂದು ಮನೆ ಖಾಲಿಯಿದ್ದಿದ್ದರೆ ಅದರ ನಂತರದ ಪದಗಳೆಲ್ಲ ಒಂದೊಂದು ಸ್ಥಾನ ಮುಂದಕ್ಕೆ ಸರಿದು, ಹೊಸಗನ್ನಡದ ರೂಪ ಹಳಗನ್ನಡದ್ದೆಂದು ಓದಿಕೊಳ್ಳುವಂತಾಗುತ್ತಿತ್ತು.

ಇದಕ್ಕಿಂತ ಸೂಕ್ಷ್ಮವಾದ ನಷ್ಟ ನಕ್ಷತ್ರ ಚಿಹ್ನೆಯದು. ಐತಿಹಾಸಿಕ ಭಾಷಾವಿಜ್ಞಾನದಲ್ಲಿ ಪದದ ಮುಂದಿನ ನಕ್ಷತ್ರ ಚಿಹ್ನೆಗೆ ನಿಶ್ಚಿತ ಅರ್ಥವಿದೆ. ಈ ರೂಪ ಯಾವ ಶಾಸನದಲ್ಲಿಯೂ ಯಾವ ಗ್ರಂಥದಲ್ಲಿಯೂ ದೊರೆತುದಲ್ಲ, ಜ್ಞಾತಿಭಾಷೆಗಳ ತೌಲನಿಕ ಅಧ್ಯಯನದಿಂದ ವಿದ್ವಾಂಸರು ಪುನಾರಚಿಸಿದ್ದು ಎಂಬುದೇ ಆ ಅರ್ಥ. ಮಾರ್ಕ್‌ಡೌನಿನಲ್ಲಿ ಅದೇ ಚಿಹ್ನೆ ಒತ್ತಿನ ಗುರುತು. ಆ ಪದ್ಧತಿಯ ವ್ಯಾಕರಣವನ್ನು ಸರಿಯಾಗಿ ಬಲ್ಲ ವಿಶ್ಲೇಷಕ ತಂತ್ರವು ಮುಚ್ಚುವ ಜೊತೆಗುರುತಿಲ್ಲದ ಒಂಟಿ ನಕ್ಷತ್ರವನ್ನು ಒತ್ತೆಂದು ತಿಳಿಯುವುದಿಲ್ಲ, ಹಾಗೆಯೇ ಬಿಡುತ್ತದೆ. ನಕ್ಷತ್ರಗಳನ್ನೆಲ್ಲ ಅಳಿಸುವ ಸರಳ ವಿಧಾನಕ್ಕೆ ಮಾತ್ರ ಈ ವಿವೇಚನೆಯಿಲ್ಲ. ಹೀಗಾಗಿ ಊಹಿತರೂಪವು ದಾಖಲಿತರೂಪವಾಗಿ ಬಡ್ತಿ ಪಡೆಯುತ್ತದೆ. ಹಳಗನ್ನಡದಲ್ಲಿ ‘ಪಾಲ್’ ನಿಜವಾಗಿಯೂ ದೊರೆಯುವ ರೂಪವಾದುದರಿಂದ ಈ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ. ತಪ್ಪಾದ ವಾಕ್ಯ ಅಸಂಬದ್ಧವಾಗಿದ್ದರೆ ಓದುಗ ನಿಂತು ಯೋಚಿಸುತ್ತಾನೆ. ಸುಸಂಬದ್ಧವಾಗಿದ್ದರೆ ನಂಬಿ ಮುಂದೆ ಸಾಗುತ್ತಾನೆ.

ಕೊನೆಯ ವಾಕ್ಯದಲ್ಲಿ ಇದರ ಇನ್ನೊಂದು ಮುಖವಿದೆ. ಬರೆದದ್ದನ್ನು ತಿದ್ದಿರುವುದನ್ನು ತೋರಿಸಲು ‘ಎಲ್ಲ’ ಎಂಬುದರ ಮೇಲೆ ಅಡ್ಡಗೆರೆ ಎಳೆಯಲಾಗಿದೆ. ಗೆರೆಯನ್ನು ತೆಗೆದು ಪದವನ್ನು ಉಳಿಸಿದರೆ ‘ಎಲ್ಲ ಬಹುತೇಕ ದೇಶ್ಯ ಪದಗಳಲ್ಲಿ’ ಎಂದಾಗುತ್ತದೆ. ‘ಪಡೆ’, ‘ಪಡು’ ಮುಂತಾದ ದೇಶ್ಯ ಪದಗಳು ಇಂದಿಗೂ ಪಕಾರವನ್ನು ಉಳಿಸಿಕೊಂಡಿರುವುದರಿಂದ ‘ಎಲ್ಲ’ ಎಂಬುದು ಸುಳ್ಳು. ಉತ್ತರ ಬರೆದದ್ದು ತಾನೇ ಹಿಂತೆಗೆದುಕೊಂಡ ಮಾತನ್ನು ನಿವಾರಣಾ ವಿಧಾನವು ಮತ್ತೆ ಅದರ ಬಾಯಲ್ಲಿ ಹೇಳಿಸಿದಂತಾಯಿತು. ಬೇರೆ ಚಿಹ್ನೆಗಳಲ್ಲಿ ಚಿಹ್ನೆಯನ್ನು ತೆಗೆದು ಪದವನ್ನು ಉಳಿಸಬೇಕು, ಇಲ್ಲಿ ಚಿಹ್ನೆಯೊಡನೆ ಪದವನ್ನೂ ತೆಗೆಯಬೇಕು. ಎಲ್ಲ ಚಿಹ್ನೆಗಳಿಗೂ ಒಂದೇ ನಿಯಮ ಸಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಇದುವರೆಗೆ ಹೇಳಿದ ದೋಷಗಳು ಯಾವ ಭಾಷೆಗಾದರೂ ಬರುವಂಥವು. ಕನ್ನಡಕ್ಕೂ ಅದರಂತಹ ಇತರ ಲಿಪಿಗಳಿಗೂ ವಿಶೇಷವಾದ ದೋಷವೊಂದಿದೆ. ಅಕ್ಷರ, ಅಂಕಿ, ತೆರಪು ಇವುಗಳನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅಳಿಸು ಎಂಬ ಆದೇಶವು ಇಂಗ್ಲಿಷಿಗೆ ನಿರಪಾಯಕಾರಿಯಂತೆ ಕಾಣುತ್ತದೆ. ಪೈಥಾನ್ ಭಾಷೆಯಲ್ಲಿ ಅದನ್ನು ಹೀಗೆ ಬರೆಯುತ್ತಾರೆ.

```
import re
t = "ಕನ್ನಡ ಸಾಹಿತ್ಯ"
print(re.sub(r"[^\w\s]", "", t))
```

ಇದರ ಫಲ ‘ಕನನಡ ಸಹತಯ’. ಯೂನಿಕೋಡಿನ ವರ್ಗೀಕರಣದಲ್ಲಿ ವ್ಯಂಜನಗಳು ಅಕ್ಷರವರ್ಗಕ್ಕೆ ಸೇರಿದರೆ ಕಾಗುಣಿತದ ಸ್ವರಚಿಹ್ನೆಗಳೂ ಒತ್ತಕ್ಷರವನ್ನು ಕಟ್ಟುವ ಹಲಂತ ಚಿಹ್ನೆಯೂ ‘ಗುರುತು’ ಎಂಬ ಬೇರೆ ವರ್ಗಕ್ಕೆ ಸೇರುತ್ತವೆ. ಪೈಥಾನಿನ ಈ ತಂತ್ರ ‘ಗುರುತು’ಗಳನ್ನು ಅಕ್ಷರವೆಂದು ಎಣಿಸುವುದಿಲ್ಲ. ಆದ್ದರಿಂದ ನಕ್ಷತ್ರವನ್ನು ಅಳಿಸಹೊರಟದ್ದು ಕಾಗುಣಿತವನ್ನೇ ಅಳಿಸಿಬಿಡುತ್ತದೆ. ‘ಸಹತಯ’ ಎಂಬುದನ್ನು ನೋಡಿದೊಡನೆ ಕೆಟ್ಟಿದೆಯೆಂದು ತಿಳಿಯುತ್ತದೆ. ಆದರೆ ‘ದಾನ’ ಎಂಬುದು ‘ದನ’ವಾದಾಗ, ‘ಮಾನ’ ಎಂಬುದು ‘ಮನ’ವಾದಾಗ ಆ ಪದವಷ್ಟನ್ನೇ ನೋಡಿದವನಿಗೆ ತಿಳಿಯುವುದಿಲ್ಲ.

ಕಣ್ಣಿಗೆ ಕಾಣದ ಚಿಹ್ನೆಗಳ ವಿಷಯವೂ ಇದಕ್ಕೆ ಸೇರಿದ್ದೇ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೆ ಕಕಾರದ ಒತ್ತು ಬೀಳದಂತೆ ತಡೆಯಲು ನಡುವೆ U+200C ಎಂಬ ಅದೃಶ್ಯ ಸಂಕೇತವಿರುತ್ತದೆ. ಅದೃಶ್ಯವಾದುದೆಲ್ಲ ಅನವಶ್ಯಕವೆಂದು ಬಗೆದು ಅಳಿಸಿದರೆ ಅದು ‘ರಾಜ್ಕುಮಾರ್’ ಆಗುತ್ತದೆ. ಓದುಗನು ಹೇಗೋ ಅರ್ಥಮಾಡಿಕೊಂಡಾನು. ಪಠ್ಯಕೋಶದಲ್ಲಿ ಹೆಸರನ್ನು ಹುಡುಕುವ ಯಂತ್ರಕ್ಕೆ ಮಾತ್ರ ಅವು ಎರಡು ಬೇರೆ ಪದಗಳು.

ಹಾಗಾದರೆ ಅರ್ಥ ಉಳಿದಿದೆಯೆಂದು ಪರೀಕ್ಷಿಸುವುದು ಹೇಗೆ? ಪರೀಕ್ಷೆಯನ್ನು ಎರಡು ಹಂತದಲ್ಲಿ ನಡೆಸಬೇಕೆಂದು ನನ್ನ ಅಭಿಪ್ರಾಯ. ಮೊದಲನೆಯದು ಅಕ್ಷರದ ಪರೀಕ್ಷೆ. ಚಿಹ್ನೆಸಹಿತವಾದ ಮೂಲದಲ್ಲಿಯೂ ಚಿಹ್ನೆರಹಿತವಾದ ಫಲದಲ್ಲಿಯೂ ಇರುವ ಸ್ವರಚಿಹ್ನೆ ಮತ್ತು ಹಲಂತ ಚಿಹ್ನೆಗಳನ್ನು ಎಣಿಸಿ ಹೋಲಿಸುವುದು ಇದರ ಮೊದಲ ಹೆಜ್ಜೆ. ಮೂಲದ ಪದಗಳೆಲ್ಲ ಅದೇ ಅನುಕ್ರಮದಲ್ಲಿ ಫಲದಲ್ಲಿ ಇವೆಯೇ ಎಂದು ನೋಡುವುದು ಎರಡನೆಯ ಹೆಜ್ಜೆ. ಅಡ್ಡಗೆರೆಯ ಪದದಂತೆ ಬೇಕೆಂದೇ ಬಿಟ್ಟ ಪದಗಳನ್ನೂ, ಬೇಕೆಂದೇ ಸೇರಿಸಿದ ಪದಗಳನ್ನೂ ನಿವಾರಣಾ ವಿಧಾನವೇ ಪಟ್ಟಿಮಾಡಿ ಕೊಡಬೇಕು. ಆ ಪಟ್ಟಿಯಲ್ಲಿಲ್ಲದ ವ್ಯತ್ಯಾಸ ಒಂದೇ ಒಂದು ಕಂಡರೂ ಫಲವನ್ನು ತಿರಸ್ಕರಿಸಬೇಕು. ಈ ಪರೀಕ್ಷೆಯನ್ನು ಯಂತ್ರವೇ ಪೂರ್ತಿಯಾಗಿ ನಡೆಸಬಲ್ಲದು, ಅದರಲ್ಲಿ ಅಭಿಪ್ರಾಯಭೇದಕ್ಕೆ ಅವಕಾಶವಿಲ್ಲ. ‘ದಾನ’ವು ‘ದನ’ವಾಗುವುದನ್ನು ಇದು ತಪ್ಪದೆ ಹಿಡಿಯುತ್ತದೆ. ಆದರೆ ‘ಪಾಲ್ ಪಾಲ್ ಹಾಲು’ ಎಂಬುದು ಈ ಪರೀಕ್ಷೆಯಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತದೆ, ಏಕೆಂದರೆ ಅಲ್ಲಿ ಪದಗಳೆಲ್ಲ ಇವೆ.

ಆದ್ದರಿಂದಲೇ ಎರಡನೆಯದಾದ ಸಂಬಂಧದ ಪರೀಕ್ಷೆ ಬೇಕಾಗುತ್ತದೆ. ಚಿಹ್ನೆಗಳು ಹೇಳುತ್ತಿದ್ದ ಒಂದೊಂದು ಸಂಬಂಧಕ್ಕೂ ಒಂದೊಂದು ಪ್ರಶ್ನೆಯನ್ನು ಮೂಲದಿಂದ ರಚಿಸಿ, ಮೂಲವನ್ನು ನೋಡಿರದ ಓದುಗನಿಂದ ಚಿಹ್ನೆರಹಿತ ಪಠ್ಯವನ್ನಷ್ಟೇ ಆಧರಿಸಿ ಉತ್ತರ ಪಡೆಯುವುದು ಇದರ ಕ್ರಮ. ನಮ್ಮ ನಿದರ್ಶನದಲ್ಲಿ ಕೋಷ್ಟಕದ ಆರು ಮನೆಗಳಿಗೆ ಆರು, ಉಪಪಟ್ಟಿಯ ಮೂರು ಅಂಶಗಳಿಗೆ ಮೂರು, ಅಡ್ಡಗೆರೆಗೆ ಒಂದು, ಹೀಗೆ ಹತ್ತು ಪ್ರಶ್ನೆಗಳಾಗುತ್ತವೆ. ‘ಪ್ರಾಚೀನವೆಂದು ಹೇಳಿರುವ ಪಾಲ್ ಎಂಬುದು ದಾಖಲಿತವೋ ಪುನಾರಚಿತವೋ’ ಎಂಬ ಪ್ರಶ್ನೆಗೆ ನಕ್ಷತ್ರ ಕಳೆದ ಪಠ್ಯದಲ್ಲಿ ಉತ್ತರವೇ ಇರುವುದಿಲ್ಲ. ‘ದ್ವಿತ್ವವು ಬದಲಾವಣೆ ನಡೆಯದ ಸ್ಥಾನವೋ ಅಥವಾ ಅದು ಮೂರನೆಯ ಶೀರ್ಷಿಕೆಯೋ’ ಎಂಬುದೂ ಅಂಚು ಕಳೆದುಕೊಂಡ ಪಟ್ಟಿಯಿಂದ ನಿರ್ಧಾರವಾಗುವುದಿಲ್ಲ.

ಈ ಪರೀಕ್ಷೆಗೆ ಒಂದು ಎಚ್ಚರಿಕೆ ಅವಶ್ಯ. ‘ಹಾಲು ಯಾವ ಕಾಲದ ರೂಪ’ ಎಂಬ ಪ್ರಶ್ನೆಗೆ ಕನ್ನಡ ಬಲ್ಲ ಯಾರಾದರೂ ಪಠ್ಯವನ್ನು ಓದದೆಯೇ ಉತ್ತರಿಸಿಯಾರು. ಓದುಗನ ಸ್ಥಾನದಲ್ಲಿ ಮತ್ತೊಂದು ಭಾಷಾಮಾದರಿಯನ್ನಿಟ್ಟರೆ ಈ ಅಪಾಯ ಇನ್ನೂ ಹೆಚ್ಚು. ಆಗ ಅಳೆದದ್ದು ಪಠ್ಯದಲ್ಲಿ ಉಳಿದ ಅರ್ಥವನ್ನಲ್ಲ, ಓದುಗನ ಪೂರ್ವಜ್ಞಾನವನ್ನು. ಆದಕಾರಣ ಅದೇ ಪ್ರಶ್ನೆಗಳನ್ನು ಯಾವ ಪಠ್ಯವನ್ನೂ ಕೊಡದೆ ಒಮ್ಮೆ ಕೇಳಿ, ಆಗಲೂ ಸರಿಯುತ್ತರ ಬಂದ ಪ್ರಶ್ನೆಗಳನ್ನು ಕೈಬಿಡಬೇಕು. ಹಾಗೆಯೇ ಚಿಹ್ನೆಸಹಿತವಾದ ಮೂಲವನ್ನೇ ಕೊಟ್ಟು ಕೇಳಿದಾಗಲೂ ತಪ್ಪುತ್ತರ ಬಂದರೆ ದೋಷ ಪ್ರಶ್ನೆಯದೇ ಹೊರತು ನಿವಾರಣೆಯದಲ್ಲ. ಈ ಎರಡು ಜರಡಿಗಳನ್ನು ದಾಟಿದ ಪ್ರಶ್ನೆಗಳು ಮಾತ್ರ ಪರೀಕ್ಷೆಗೆ ಯೋಗ್ಯ.

ಎರಡು ಪಠ್ಯಗಳ ಅರ್ಥಸಾಮ್ಯವನ್ನು ಒಂದೇ ಅಂಕಿಯಲ್ಲಿ ಹೇಳುವ ಗಣಿತಮಾರ್ಗಗಳೂ ಇವೆ. ಶ್ರಮ ಕಡಿಮೆಯೆಂಬ ಕಾರಣದಿಂದ ಅವುಗಳನ್ನೇ ನೆಚ್ಚುವವರೂ ಉಂಟು. ಆದರೆ ಅವು ಅಳೆಯುವುದು ಒಟ್ಟಾರೆ ವಿಷಯದ ಹತ್ತಿರವನ್ನು. ಪದಗಳೆಲ್ಲ ಅವೇ ಆಗಿರುವಾಗ ಒಂದು ‘ಎಲ್ಲ’ ಹೆಚ್ಚಾದುದೋ ಒಂದು ನಕ್ಷತ್ರ ಕಡಿಮೆಯಾದುದೋ ಆ ಅಂಕಿಯನ್ನು ಹೆಚ್ಚು ಕದಲಿಸುವುದಿಲ್ಲ. ವಿನ್ಯಾಸ ನಿವಾರಣೆಯಲ್ಲಿ ಆಗುವ ನಷ್ಟಗಳು ಬಹುಪಾಲು ಇಂತಹ ಚಿಕ್ಕ ನಷ್ಟಗಳೇ ಆದುದರಿಂದ ಈ ಮಾರ್ಗವನ್ನು ಏಕೈಕ ಪ್ರಮಾಣವಾಗಿ ಒಪ್ಪಲಾಗದು.

ಪರೀಕ್ಷೆಯಲ್ಲಿ ಸೋತ ಪಠ್ಯವನ್ನು ಸರಿಪಡಿಸುವುದು ಹೇಗೆ ಎಂಬುದಕ್ಕೆ ಕನ್ನಡ ವಾಕ್ಯರಚನೆಯೇ ಒಂದು ದಾರಿಯನ್ನು ತೋರಿಸುತ್ತದೆ. ಕೋಷ್ಟಕದ ಶೀರ್ಷಿಕೆಗೆ ವಿಭಕ್ತಿ ಪ್ರತ್ಯಯವನ್ನು ಯಂತ್ರದಿಂದ ಹಚ್ಚಿಸಹೊರಟರೆ ಸಂಧಿಯ ತೊಡಕು ಎದುರಾಗುತ್ತದೆ. ಆದರೆ ಕನ್ನಡದಲ್ಲಿ ಕ್ರಿಯಾಪದವಿಲ್ಲದ ನಾಮವಾಕ್ಯಕ್ಕೆ ಅವಕಾಶವಿದೆ. ಶೀರ್ಷಿಕೆಯ ಮುಂದೆ ಮನೆಯ ಪದವನ್ನಿಟ್ಟರೆ ಸಾಕು, ‘ಹೊಸಗನ್ನಡ ರೂಪ ಹಾಲು’ ಎಂಬ ಪೂರ್ಣ ವಾಕ್ಯ ಸಿದ್ಧವಾಗುತ್ತದೆ. ಒಂಟಿ ನಕ್ಷತ್ರಕ್ಕೆ ‘ಪುನಾರಚಿತ’ ಎಂಬ ವಿಶೇಷಣವನ್ನು ಕೊಟ್ಟರೆ ಮೊದಲ ಸಾಲು ‘ಪ್ರಾಚೀನ ರೂಪ ಪುನಾರಚಿತ ಪಾಲ್, ಹಳಗನ್ನಡ ರೂಪ ಪಾಲ್, ಹೊಸಗನ್ನಡ ರೂಪ ಹಾಲು’ ಎಂದಾಗುತ್ತದೆ. ಉಪಪಟ್ಟಿಯ ಪ್ರತಿಯೊಂದು ಅಂಶಕ್ಕೂ ಅದರ ಮೇಲಿನ ಶೀರ್ಷಿಕೆಯನ್ನು ಮತ್ತೆ ಹೇಳಿ ‘ಬದಲಾವಣೆ ನಡೆಯದ ಸ್ಥಾನ ದ್ವಿತ್ವ’ ಎಂದರೆ ಅಂಚಿನ ಕೆಲಸ ಮಾತಿನಿಂದ ನಡೆಯುತ್ತದೆ. ಪಠ್ಯ ಉದ್ದವಾಗುತ್ತದೆ, ಪುನರುಕ್ತಿಯೂ ಬರುತ್ತದೆ. ಇಲ್ಲಿ ಪುನರುಕ್ತಿ ದೋಷವಲ್ಲ, ಕಿವಿಯಿಂದ ಓದುವವನಿಗೆ ಅದೇ ಸಾಲಿನ ಗುರುತು.

ಈ ದಾರಿಗೂ ಮಿತಿಗಳಿವೆ. ನಕ್ಷತ್ರ ಎಲ್ಲಿ ಪುನಾರಚನೆಯ ಗುರುತು, ಎಲ್ಲಿ ಗುಣಾಕಾರದ ಗುರುತು, ಎಲ್ಲಿ ಅಸಾಧು ವಾಕ್ಯದ ಗುರುತು ಎಂಬುದನ್ನು ವಿಷಯ ತಿಳಿಯದೆ ನಿರ್ಣಯಿಸಲು ಬಾರದು. ದಪ್ಪಕ್ಷರದ ಸ್ಥಿತಿ ಇನ್ನೂ ಅನಿಶ್ಚಿತ. ಕನ್ನಡದಲ್ಲಿ ಅವಧಾರಣೆಗೆ ಏಕಾರವಿದೆ, ‘ಮಾತ್ರ’ ಇದೆ. ‘ಮೊದಲ’ ಎಂಬುದು ದಪ್ಪಕ್ಷರದಲ್ಲಿದ್ದರೆ ‘ಮೊದಲ ಪಕಾರವೇ’ ಎಂದು ಬರೆಯಬಹುದಲ್ಲ ಎಂದು ತೋರಬಹುದು. ಆದರೆ ದಪ್ಪಕ್ಷರ ಕೆಲವೊಮ್ಮೆ ಅವಧಾರಣೆ, ಕೆಲವೊಮ್ಮೆ ಪಾರಿಭಾಷಿಕ ಪದದ ಸೂಚನೆ, ಹಲವೊಮ್ಮೆ ಬರಿಯ ಅಲಂಕಾರ. ಎಲ್ಲ ಕಡೆಯೂ ಏಕಾರ ಹಚ್ಚಿದರೆ ಮೂಲದಲ್ಲಿಲ್ಲದ ವಾದವನ್ನು ನಾವೇ ಹುಟ್ಟಿಸಿದಂತಾಗುತ್ತದೆ. ಇಲ್ಲಿ ಚಿಹ್ನೆಯನ್ನು ಸುಮ್ಮನೆ ಬಿಟ್ಟುಕೊಟ್ಟು, ಆ ಪದ ದಪ್ಪಕ್ಷರದಲ್ಲಿತ್ತು ಎಂಬುದನ್ನು ನಷ್ಟಗಳ ಪಟ್ಟಿಯಲ್ಲಿ ದಾಖಲಿಸುವುದೇ ಪ್ರಾಮಾಣಿಕವಾದ ಕ್ರಮ.

ಒಟ್ಟಿನಲ್ಲಿ ವಿನ್ಯಾಸ ನಿವಾರಣೆಯನ್ನು ಶುಚಿಗೊಳಿಸುವಿಕೆ ಎಂದು ಕರೆಯುವ ರೂಢಿಯೇ ದಾರಿ ತಪ್ಪಿಸುವಂಥದು. ಶುಚಿಗೊಳಿಸುವಾಗ ಹೋಗುವುದು ಕೊಳೆ, ಇಲ್ಲಿ ಹೋಗುವುದು ಕೆಲವೆಡೆ ವ್ಯಾಕರಣ. ಅದನ್ನು ಸ್ಥಾನದ ಭಾಷೆಯಿಂದ ಮಾತಿನ ಭಾಷೆಗೆ ಮಾಡುವ ಅನುವಾದವೆಂದು ತಿಳಿದರೆ, ಅನುವಾದಕ್ಕೆ ನಾವು ಅನ್ವಯಿಸುವ ಮಾನದಂಡಗಳನ್ನೇ ಅದಕ್ಕೂ ಅನ್ವಯಿಸಬಹುದು. ಕನ್ನಡ ಪಠ್ಯಕೋಶಗಳನ್ನು ಕಟ್ಟುವವರು ಕಡೆಯ ಪಕ್ಷ ಮೂರನ್ನು ಒಟ್ಟಿಗೆ ಇಡಬೇಕು: ಚಿಹ್ನೆಸಹಿತವಾದ ಮೂಲ, ಚಿಹ್ನೆರಹಿತವಾದ ಫಲ, ಎರಡರ ನಡುವೆ ಬಿಟ್ಟ ಹಾಗೂ ಸೇರಿಸಿದ ಅಂಶಗಳ ಪಟ್ಟಿ. ಮೂಲವನ್ನು ಎಸೆದು ಫಲವನ್ನಷ್ಟೇ ಉಳಿಸಿಕೊಂಡಲ್ಲಿ, ಮುಂದೊಂದು ದಿನ ಆ ಕೋಶವನ್ನು ಅವಲಂಬಿಸುವ ಸಂಶೋಧಕನಿಗೆ ನಕ್ಷತ್ರವಿಲ್ಲದ ‘ಪಾಲ್’ ಎದುರಾದಾಗ, ಅದು ಶಾಸನದಲ್ಲಿ ಸಿಕ್ಕಿದ್ದೋ ವಿದ್ವಾಂಸರು ಊಹಿಸಿದ್ದೋ ಎಂಬುದನ್ನು ನಿರ್ಣಯಿಸಲು ಯಾವ ಆಧಾರವೂ ಉಳಿದಿರುವುದಿಲ್ಲ.